ಅಜ್ಜಿಯ ಕತೆಯನ್ನು ಕೇಳುತ್ತಿರುವವರು ಯಾರು?

ಕತೆಯೊಳಗೆ ಇನ್ನೊಂದು ಕತೆ ಇಡುವಾಗ ನಾನು ಮೊದಲು ಯೋಚಿಸುವುದು ಕೇಳುವವರ ಬಗ್ಗೆ. ಹೇಳುವವರು ಸುಲಭವಾಗಿ ಸಿಗುತ್ತಾರೆ. ನಮ್ಮ ಕಡೆ ಜಗಲಿ ಮೇಲೆ ಕೂತ ಯಾವ ಅಜ್ಜಿಯಾದರೂ ಸಾಕು. ಆದರೆ ಆ ಕತೆಯನ್ನು ಇವತ್ತೇ, ಇವನೇ ಯಾಕೆ ಕೇಳಬೇಕು? ಕೇಳಿ ಮುಗಿಸಿದ ಮೇಲೆ ಇವನಿಗೆ ಏನಾಗುತ್ತದೆ? ಇದಕ್ಕೆ ಉತ್ತರ ಸಿಕ್ಕಿದರೆ ಮಾತ್ರ ಹೊರಗತೆ ಉಳಿಸುತ್ತೇನೆ. ನನ್ನದೇ ಒಂದು ಕತೆ ಬರೆದ ಬಗೆಯನ್ನು ಬಿಡಿಸಿ ಹೇಳುತ್ತೇನೆ.

ಕತೆ ನಡೆಯುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ. ಅಲ್ಲಿ ಗಜನಿ ಗದ್ದೆಗಳಿವೆ. ಭರತ ಬಂದರೆ ಉಪ್ಪುನೀರು ನುಗ್ಗುವ ತಗ್ಗು ಭೂಮಿ. ಸುತ್ತ ಒಡ್ಡು ಕಟ್ಟಿ, ಮಳೆನೀರಿಗೆ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಒಡ್ಡು ಒಡೆದರೆ ಹೋಗುವುದು ಒಬ್ಬರ ಗದ್ದೆಯಲ್ಲ, ಒಳಗಿರುವ ಎಲ್ಲರದ್ದೂ.

ಹೊರಗತೆಯಲ್ಲಿ ಮೊಮ್ಮಗ ಕಾಗದ ತಂದಿದ್ದಾನೆ. ಗಜನಿಯಲ್ಲಿ ತಮ್ಮ ಪಾಲನ್ನು ಸಿಗಡಿ ಸಾಕುವವರಿಗೆ ಕರಾರು ಮಾಡಿ ಬಿಟ್ಟುಕೊಡಬೇಕು, ಅಜ್ಜಿಯ ಸಹಿ ಬೇಕು. ಅಜ್ಜಿ ಪೆನ್ನು ಹಿಡಿದುಕೊಂಡೇ ಹಳೆಯ ಒಂದು ರಾತ್ರಿಯ ಸುದ್ದಿ ತೆಗೆಯುತ್ತಾಳೆ. ಅದು ಒಳಗತೆ. ಅಮಾವಾಸ್ಯೆಯ ದೊಡ್ಡ ಭರತ, ಜಡಿಮಳೆ, ಒಡ್ಡು ಒಡೆದಿದೆ. ಗಂಡಸರೆಲ್ಲ ಅಲ್ಲಿಗೆ ಓಡಿದ್ದಾರೆ. ಮನೆಯಲ್ಲಿ ಇರುವವರು ಆಗಷ್ಟೇ ಮದುವೆಯಾಗಿ ಬಂದ ಇವಳು ಮತ್ತು ಅತ್ತೆ. ಅತ್ತೆ ಒಲೆ ಮುಂದೆ ಕೂತು ಸೊಸೆಗೆ ಇನ್ನೊಂದು ಕತೆ ಹೇಳುತ್ತಾಳೆ. ಅಲ್ಲಿಗೆ ಮೂರು ಪದರ ಆಯಿತು.

ಇದರ ಮೇಲೆ ನಾಲ್ಕನೆಯದೊಂದನ್ನೂ ಬರೆದು ನೋಡಿದ್ದೆ. ಕಾರವಾರದಿಂದ ಬಂದವನೊಬ್ಬ ತದಡಿಯಲ್ಲಿ ದೋಣಿ ಹತ್ತುತ್ತಾನೆ, ದೋಣಿಯಲ್ಲಿ ಈ ಮೊಮ್ಮಗ ಸಿಗುತ್ತಾನೆ, ಇಡೀ ಕತೆಯನ್ನು ಅವನಿಗೆ ಹೇಳುತ್ತಾನೆ. ಓದಲು ಹಿತವಾಗಿಯೇ ಇತ್ತು. ಆಮೇಲೆ ಆ ಕಾರವಾರದವನ ವಾಕ್ಯಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗೀಟು ಎಳೆಯುತ್ತಾ ಹೋದೆ. ಅವನು ನದಿ ನೋಡುತ್ತಾನೆ, ‘ಆಮೇಲೆ?’ ಅನ್ನುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಒಡ್ಡು ಉಳಿದರೂ ಹೋದರೂ ಅವನಿಗೆ ನಷ್ಟವಿಲ್ಲ. ‘ಆಮೇಲೆ?’ ಅನ್ನುವುದು ಬಿಟ್ಟು ಬೇರೆ ಮಾತೇ ಇಲ್ಲದ ಕೇಳುಗ ಕಂಡರೆ ಆ ಪದರ ತೆಗೆಯಬಹುದು ಅಂತ ಅರ್ಥ. ಅವನಿಂದ ಆಗುತ್ತಿದ್ದ ಕೆಲಸ ಒಂದೇ, ಗಜನಿ ಅಂದರೆ ಏನು ಅಂತ ಓದುಗರಿಗೆ ತಿಳಿಸುವುದು. ಅದನ್ನು ಕಾಗದದ ಚಕ್ಕುಬಂದಿಗೆ ಸಾಗಿಸಿದೆ. ಮೊಮ್ಮಗ ಅಜ್ಜಿಗೆ ಓದಿ ಹೇಳುತ್ತಾನೆ: ಪೂರ್ವಕ್ಕೆ ಒಡ್ಡು, ಪಶ್ಚಿಮಕ್ಕೆ ಹೊಳೆ. ಅಷ್ಟರಲ್ಲೇ ಜಾಗ ಕಣ್ಣಿಗೆ ಕಟ್ಟುತ್ತದೆ.

ಕೇಳುವವನಿಗೆ ಪಣ ಇರುವುದು ಅಂದರೇನು ಅಂತ ನನಗೆ ಅರ್ಥವಾದದ್ದು ಜನ್ನನ ‘ಯಶೋಧರ ಚರಿತೆ’ಯಿಂದ. 1209ರ ಕಾವ್ಯ. ಮಾರಿದತ್ತ ರಾಜ ಚಂಡಮಾರಿಗೆ ಬಲಿ ಕೊಡಲು ಎಳೆಯ ಅಣ್ಣ ತಂಗಿಯನ್ನು ಹಿಡಿದು ತರಿಸಿದ್ದಾನೆ. ಅಣ್ಣ ಅಭಯರುಚಿ ಕತೆ ಹೇಳುತ್ತಾನೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ಜನ್ಮ ಜನ್ಮ ಪ್ರಾಣಿಯಾಗಿ ಅಲೆದ ಕತೆ. ಕೇಳುತ್ತಿರುವವನು ನಿಜವಾದ ಬಲಿಗೆ ಸಿದ್ಧನಾಗಿ ನಿಂತವನು! ಒಳಗತೆ ಮುಗಿದ ಮೇಲೆ ಅವನು ಬಲಿ ಕೊಡಲಾರ. ಇಲ್ಲಿ ಹೊರಗತೆ ತೆಗೆದರೆ ಕಾವ್ಯ ಅರ್ಧವಾಗುತ್ತದೆ, ಅಲ್ವಾ? ನನ್ನ ಪ್ರತಿಯೊಂದು ಪದರವನ್ನೂ ಹೀಗೆ ಕಿತ್ತು ನೋಡುತ್ತೇನೆ.

ಮೂರನೇ ಪದರ ಈ ಪರೀಕ್ಷೆಯಲ್ಲಿ ಉಳಿಯಿತು. ಅತ್ತೆ ಹೇಳುವುದು ನಮಗೆಲ್ಲ ಗೊತ್ತಿರುವ ‘ಕೆರೆಗೆ ಹಾರ’. ಕೆರೆ ಕಟ್ಟಿಸಿದರು, ನೀರು ಬರಲಿಲ್ಲ, ಕಿರಿಸೊಸೆ ಭಾಗೀರತಿಯನ್ನು ಹಾರ ಕೊಟ್ಟರು. ಒಡ್ಡು ನಿಲ್ಲದ ರಾತ್ರಿ, ಹೊಸ ಸೊಸೆಯ ಎದುರು, ಅತ್ತೆ ಬಾಯಲ್ಲಿ ಈ ಕತೆ ಬಂದರೆ ಹುಡುಗಿಗೆ ಹೇಗೆ ಕೇಳಿಸೀತು? ಅತ್ತೆ ಹೆದರಿಸಲು ಹೇಳಿದಳೋ, ಹೊತ್ತು ಹೋಗಲಿ ಅಂತ ಸುಮ್ನೆ ಹೇಳಿದಳೋ, ನಾನು ಬರೆದಿಲ್ಲ. ಹುಡುಗಿ ಮಾತ್ರ ಎದ್ದು, ಹುಲ್ಲಿನ ಕಟ್ಟು ಹೊತ್ತು, ಕಂದೀಲು ಹಿಡಿದು ತಾನೇ ಒಡ್ಡಿಗೆ ಹೋಗುತ್ತಾಳೆ. ಮೂರನೆಯ ಕತೆ ಎರಡನೆಯದನ್ನು ಮುಂದಕ್ಕೆ ತಳ್ಳಿತು. ಆದರೆ ಇದಕ್ಕೆ ಹತ್ತು ಸಾಲಿಗಿಂತ ಜಾಸ್ತಿ ಜಾಗ ಕೊಡಲಿಲ್ಲ. ಓದುಗರಿಗೆ ಗೊತ್ತಿರುವ ಕತೆಯನ್ನು ಒಳಗಿಟ್ಟರೆ ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಅಷ್ಟು ಆಳದಲ್ಲಿ ಹೊಸ ಹೆಸರು, ಹೊಸ ಊರು ತಂದರೆ ಮೇಲೆ ಅಜ್ಜಿ ಪೆನ್ನು ಹಿಡಿದು ಕೂತಿದ್ದಾಳೆ ಅನ್ನುವುದೇ ಮರೆತು ಹೋಗುತ್ತದೆ.

ಇನ್ನೊಂದು ತೊಡಕು ತುಂಬಾ ಹೊತ್ತು ತೆಗೆದುಕೊಂಡಿತು. ಅಜ್ಜಿ ಕಂಡದ್ದಷ್ಟನ್ನೇ ಅಜ್ಜಿ ಹೇಳಬಲ್ಲಳು. ಅವಳು ಮನೆಯಲ್ಲಿದ್ದಾಗ ಒಡ್ಡಿನ ಮೇಲೆ ಏನಾಯಿತು ಅಂತ ಅವಳಿಗೆ ಹೇಗೆ ಗೊತ್ತು? ಇಲ್ಲಿ ನಮ್ಮ ಕ್ರಿಯಾಪದಗಳೇ ಕೈ ಹಿಡಿದವು. ಅವಳು ಹೊಸಿಲು ದಾಟುವವರೆಗೆ ಒಡ್ಡಿನ ಸುದ್ದಿಯೆಲ್ಲ ‘ಒಡೆದಿತ್ತಂತೆ’, ‘ನಿಮ್ಮಜ್ಜ ಸೊಂಟದವರೆಗೆ ನೀರಲ್ಲಿ ನಿಂತಿದ್ದರಂತೆ’ ಅಂತ ಬರುತ್ತದೆ. ಅವಳು ಒಡ್ಡು ಮುಟ್ಟಿದ ಕ್ಷಣದಿಂದ ‘ನಿಂತಿದ್ದರು, ನಾ ನೋಡಿದೆ ತಮಾ’ ಆಗುತ್ತದೆ. ಹೀಗೆ ಮಾಡಿದ್ದರಿಂದ ಉದ್ಧರಣ ಚಿಹ್ನೆಯೊಳಗೆ ಉದ್ಧರಣ ಚಿಹ್ನೆ ತುರುಕುವುದೂ ತಪ್ಪಿತು. ‘ಅಂತೆ’ ಪ್ರತಿ ವಾಕ್ಯಕ್ಕೂ ಬೇಡ. ಪ್ಯಾರಾ ಶುರುವಿನಲ್ಲಿ ಒಂದೆರಡು ಸಲ ಬಂದರೆ ಓದುಗರು ಹಿಡಿದುಕೊಳ್ಳುತ್ತಾರೆ. ಗಟ್ಟಿಯಾಗಿ ಓದಿದಾಗ ಅದು ರಾಗದ ಹಾಗೆ ಕೇಳಿಸತೊಡಗಿದರೆ ಜಾಸ್ತಿಯಾಗಿದೆ.

ಒಳಗತೆಯಿಂದ ಹೊರಗೆ ಬರುವುದು ಯಾವಾಗ? ಉಸಿರು ತೆಗೆದುಕೊಳ್ಳಲಿ ಅಂತ ನಡುನಡುವೆ ಜಗಲಿಗೆ ವಾಪಸ್ ಬಂದರೆ ಬಿಗಿ ಹೋಗುತ್ತದೆ. ನಾನು ಒಂದೇ ಕಡೆ ತುಂಡು ಮಾಡಿದೆ. ಮೊಮ್ಮಗ ಕೇಳುತ್ತಾನೆ, ‘ಅಂದು ಒಡ್ಡಿನ ಮೇಲೆ ಯಾರ್ಯಾರ ಮನೆಯವರಿದ್ದರು ಅಜ್ಜಿ?’ ಅಜ್ಜಿ ಮನೆ ಮನೆಯ ಹೆಸರು ಹೇಳುತ್ತಾಳೆ. ಅವರೆಲ್ಲ ಅದೇ ಒಡ್ಡಿನೊಳಗೆ ಪಾಲಿರುವವರು. ಅವನ ಕಾಗದದಲ್ಲಿ ಅವರ ಸುದ್ದಿಯೇ ಇಲ್ಲ. ಕತೆ ಮುಗಿದಾಗ ಅವನು ಕಾಗದ ಹರಿಯುವುದಿಲ್ಲ, ಮಡಚಿಟ್ಟು ಆ ಮನೆಗಳಿಗೆ ಹೊರಡುತ್ತಾನೆ. ಒಳಗತೆಯಿಂದ ಹೊರಗತೆಯಲ್ಲಿ ಆದ ಬದಲಾವಣೆ ಇಷ್ಟೇ. ಅದು ಸಾಕಿತ್ತು.

ಹೊರಗತೆ ಯಾವಾಗಲೂ ಒಂದನ್ನು ಕಸಿದುಕೊಳ್ಳುತ್ತದೆ. ಅಜ್ಜಿ ಎದುರಿಗೇ ಕೂತಿರುವಾಗ ಆ ರಾತ್ರಿ ಅವಳು ಸಾಯಲಿಲ್ಲ ಅನ್ನುವುದು ಓದುಗರಿಗೆ ಮೊದಲೇ ಗೊತ್ತು. ಗಜನಿ ಕತೆಯಲ್ಲಿ ಇದರಿಂದ ತೊಂದರೆ ಇರಲಿಲ್ಲ. ಅಲ್ಲಿ ಕುತೂಹಲ ಇದ್ದದ್ದು ಅವಳು ಏನು ಮಾಡಿದಳು ಅನ್ನುವುದರಲ್ಲಿ. ಈಗ ಬರೆಯುತ್ತಿರುವುದು ಶಿರಸಿ ಕಡೆಯ ಅಡಿಕೆ ತೋಟದ ಕತೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಮರ ಹತ್ತಿದ ಕೊನೆಗೌಡ, ಮಳೆಗೆ ಜಾರುವ ಮರ, ಕೆಳಗೆ ನಿಂತು ಹಗ್ಗ ಹಿಡಿದ ಮಗ. ಅವನು ಇಳಿದು ಬರುತ್ತಾನೋ ಇಲ್ಲವೋ ಅನ್ನುವುದರ ಮೇಲೇ ಕತೆ ನಿಂತಿದೆ. ಅವನೇ ಹೇಳಿದರೆ ಬದುಕಿದ ಅಂತಾಯಿತು. ಮಗ ವರ್ಷಗಳ ಮೇಲೆ ನೆನೆದು ಹೇಳಿದರೆ ಮೊದಲ ಸಾಲಿಗೇ ಸಂಶಯ ಬರುತ್ತದೆ. ಹಾಗಾಗಿ ಇದಕ್ಕೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಮರ ಹತ್ತುವಲ್ಲಿಂದಲೇ ಶುರು ಮಾಡಿದ್ದೇನೆ.