ಎರಡು ಪುಟದ ಲೆಕ್ಕಕ್ಕೆ ಒಂದೇ ಚೀಟಿ

‘ಸರ್, ಸಿ ಭಾಗ ಬರುತ್ತಿಲ್ಲ’ ಎಂಬ ಒಂದು ಸಾಲು, ಜೊತೆಗೊಂದು ಫೋಟೊ. ಫೋಟೊದಲ್ಲಿ ಕಾಣುವುದು ಪುಟದ ಮೇಲ್ತುದಿಯ ಎರಡು ಸಾಲು ಮಾತ್ರ: ‘ಅದೇ ಆವೃತ್ತಿಯಲ್ಲಿ ಪ್ರತಿಯೊಂದು ಘಟಕದ ಮೇಲಿನ ಆರ್‌ಎಂಎಸ್ ವೋಲ್ಟೇಜ್ ಕಂಡುಹಿಡಿಯಿರಿ.’ ಯಾವ ಆವೃತ್ತಿ, ಯಾವ ಘಟಕ? ಎಲ್ಲವೂ ಹಿಂದಿನ ಪುಟದಲ್ಲಿ ಉಳಿದಿದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರ ಕಲಿಸುವವರ ಮೊಬೈಲಿಗೆ ಇಂಥ ಫೋಟೊಗಳು ಬರದ ದಿನವಿಲ್ಲ. ಹಾಗೆ ಕಳುಹಿಸಿದ ವಿದ್ಯಾರ್ಥಿ ತಾನೂ ಆ ಎರಡು ಸಾಲು ನೋಡಿಕೊಂಡೇ ಲೆಕ್ಕ ಮಾಡುತ್ತಿರುತ್ತಾನೆ ಎಂಬುದು ನಿಜವಾದ ತೊಂದರೆ.

ಫೋಟೊ ವಿಷಯ ಬೇಗ ಮುಗಿಸೋಣ. ಒಂದು ಪುಟಕ್ಕೆ ಒಂದು ಫೋಟೊ, ಪುಟ ಪೂರ್ತಿ ಬರಲಿ, ಚಿತ್ರವೂ ಪ್ರಶ್ನೆಯ ಸಂಖ್ಯೆಯೂ ಒಳಗಿರಲಿ. ಎರಡನೆಯ ಪುಟದಲ್ಲಿ ಸಂಖ್ಯೆ ಇರುವುದಿಲ್ಲವಾದ್ದರಿಂದ ಒಂದು ತುಂಡು ಕಾಗದದಲ್ಲಿ ‘ಪ್ರಶ್ನೆ 14, ಎರಡನೆಯ ಪುಟ’ ಎಂದು ಬರೆದು ಅಂಚಿನ ಮೇಲಿಟ್ಟು ತೆಗೆಯಿರಿ. ತೆರೆದ ಪುಸ್ತಕದ ಎರಡೂ ಪುಟಗಳನ್ನು ಒಂದೇ ಫೋಟೊದಲ್ಲಿ ಹಿಡಿಯಬೇಡಿ. ನಡುವಿನ ಮಡಿಕೆಯಲ್ಲಿ ಸಾಲಿನ ಕೊನೆಯ ಏಕಮಾನಗಳು ನುಂಗಿಹೋಗುತ್ತವೆ. ಫೋಟೊ ಜೋಡಿಸುವ ಆ್ಯಪ್‌ಗಳೂ ಬೇಡ, ಅವು ಅಕ್ಷರವನ್ನು ಕುಗ್ಗಿಸುತ್ತವೆ. ಪುಟವನ್ನು ಅಚ್ಚ ಕಪ್ಪು ಬಿಳುಪು ಮಾಡುವ ಸ್ಕ್ಯಾನರ್ ಆ್ಯಪ್‌ಗಳ ಮೇಲೆ ನನಗೆ ಇನ್ನೂ ಹೆಚ್ಚಿನ ಸಿಟ್ಟು. ದಶಮಾಂಶದ ಚುಕ್ಕೆಯನ್ನು ಕೊಳೆ ಎಂದು ಒರೆಸಿಬಿಡುತ್ತವೆ, μ ಅಕ್ಷರದ ಬಾಲವನ್ನು ಕತ್ತರಿಸಿ u ಮಾಡುತ್ತವೆ. ಹಗಲು ಬೆಳಕಿನಲ್ಲಿ ತೆಗೆದ ಸಾದಾ ಫೋಟೊ ಸಾಕು. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಸ್ಪಷ್ಟತೆ ಕೆಡುವುದಿಲ್ಲ.

ಮುಂದಿನದು ಚೀಟಿ. ನನ್ನ ಮಟ್ಟಿಗೆ ಇದು ಕಡ್ಡಾಯ. ಲೆಕ್ಕಕ್ಕೆ ಕೈ ಹಾಕುವ ಮೊದಲು ಎರಡೂ ಪುಟಗಳನ್ನು ಕೊನೆಯವರೆಗೆ ಓದಿ, ಕೊಟ್ಟಿರುವುದೆಲ್ಲವನ್ನೂ ಒಂದೇ ಚೀಟಿಗೆ ಇಳಿಸಬೇಕು. ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 220 ವೋಲ್ಟಿನ, ಆವೃತ್ತಿ ಬದಲಿಸಬಹುದಾದ ಎಸಿ ಮೂಲಕ್ಕೆ 0.5 H ಇಂಡಕ್ಟರ್, 80 μF ಕೆಪಾಸಿಟರ್ ಮತ್ತು ಒಂದು ರೆಸಿಸ್ಟರ್ ಸರಣಿಯಲ್ಲಿವೆ. ರೆಸಿಸ್ಟರಿನ ಬೆಲೆ ವಾಕ್ಯದಲ್ಲಿಲ್ಲ, ಚಿತ್ರದಲ್ಲಿ 22 Ω ಎಂದಿದೆ. ಎ ಭಾಗ: ಅನುರಣನದ ಕೋನೀಯ ಆವೃತ್ತಿ ಎಷ್ಟು? ಬಿ: ಆಗ ವಿದ್ಯುತ್ ಪ್ರವಾಹದ ಗರಿಷ್ಠ ಬೆಲೆ ಎಷ್ಟು? ಪುಟ ತಿರುವಿದರೆ ಸಿ: ನಾವು ಮೊದಲೇ ನೋಡಿದ ಪ್ರಶ್ನೆ. ಡಿ: ರೆಸಿಸ್ಟರನ್ನು 44 Ω ಮಾಡಿದರೆ ಇಂಡಕ್ಟರಿನ ಮೇಲಿನ ವೋಲ್ಟೇಜ್ ಎಷ್ಟು?

ಚೀಟಿಯ ಮೇಲರ್ಧದಲ್ಲಿ ಹೀಗೆ ಬರೆಯಿರಿ:

V = 220 V, ಆರ್‌ಎಂಎಸ್ (ವಾಕ್ಯ)
L = 0.5 H (ವಾಕ್ಯ)
C = 80 × 10⁻⁶ F (ವಾಕ್ಯ)
R = 22 Ω (ಚಿತ್ರ)

ಬೆಲೆ ಎಲ್ಲಿಂದ ಬಂತು ಎಂಬುದನ್ನು ಪಕ್ಕದಲ್ಲೇ ಬರೆಯುವುದು ಅತಿ ಎನಿಸಬಹುದು. ಆದರೆ ಚೀಟಿಯ ಎಲ್ಲ ಸಾಲುಗಳಲ್ಲೂ ‘ವಾಕ್ಯ’ ಎಂದೇ ಇದ್ದು ಪುಟದಲ್ಲಿ ಚಿತ್ರವೊಂದಿದ್ದರೆ, ನೀವು ಚಿತ್ರವನ್ನು ನೋಡಿಲ್ಲ ಎಂದು ಆಗಲೇ ಗೊತ್ತಾಗುತ್ತದೆ. ಮೈಕ್ರೊ, ಮಿಲಿಗಳನ್ನು ಇಲ್ಲೇ ಹತ್ತರ ಘಾತಕ್ಕೆ ಬದಲಿಸಿಬಿಡಿ. ಇನ್ನು 220 ವೋಲ್ಟಿನ ಪಕ್ಕದ ‘ಆರ್‌ಎಂಎಸ್’. ಎಸಿ ವೋಲ್ಟೇಜಿಗೆ ಬೇರೇನೂ ಹೇಳದೆ ಸಂಖ್ಯೆ ಕೊಟ್ಟರೆ ಅದು ಆರ್‌ಎಂಎಸ್ ಬೆಲೆಯೇ. ಆ ಮಾತು ಪುಟದಲ್ಲಿರುವುದಿಲ್ಲ, ಚೀಟಿಯಲ್ಲಿರಬೇಕು.

ಕೆಳಗಿನ ಅರ್ಧ ಖಾಲಿ ಇರಲಿ. ಅದು ನಾವೇ ಕಂಡುಹಿಡಿದ ಬೆಲೆಗಳಿಗೆ. ಎಡವುವವರೆಲ್ಲ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ.

ಎ ಭಾಗದಲ್ಲಿ ω = 1/√(LC). L ಮತ್ತು C ಗುಣಿಸಿದರೆ 4 × 10⁻⁵, ಉತ್ತರ ಸೆಕೆಂಡಿಗೆ 158.11 ರೇಡಿಯನ್. ಅನೇಕರು ಇದನ್ನು 160 ಎಂದು ದುಂಡಗೆ ಮಾಡಿ, ಆ 160 ಹಿಡಿದುಕೊಂಡೇ ಮುಂದೆ ಹೋಗುತ್ತಾರೆ. ಎ ಭಾಗದ ಮಟ್ಟಿಗೆ ಅದು ದೊಡ್ಡ ತಪ್ಪಲ್ಲ. ಸಿ ಭಾಗಕ್ಕೆ ಬಂದಾಗ ಏನಾಗುತ್ತದೆ ನೋಡಿ. ωL 80 Ω ಆಗುತ್ತದೆ, 1/(ωC) 78.1 Ω ಆಗುತ್ತದೆ. ಪ್ರವಾಹ 10 ಆಂಪಿಯರ್. ಹಾಗಾಗಿ ಇಂಡಕ್ಟರಿನ ಮೇಲೆ 800 ವೋಲ್ಟ್, ಕೆಪಾಸಿಟರಿನ ಮೇಲೆ 781 ವೋಲ್ಟ್. ಅನುರಣನದಲ್ಲಿ ಇವೆರಡೂ ಸಮನಾಗಿದ್ದು ಒಂದನ್ನೊಂದು ಪೂರ್ತಿ ಅಳಿಸಬೇಕು. ಇಲ್ಲಿ 19 ವೋಲ್ಟ್ ಉಳಿದುಕೊಂಡಿದೆ. ಆ 19 ವೋಲ್ಟ್ ಸರ್ಕ್ಯೂಟಿನಲ್ಲಿ ಎಲ್ಲೂ ಇಲ್ಲ. ದುಂಡಗೆ ಮಾಡಿದ ಕೈ ಹುಟ್ಟಿಸಿದ್ದು. 158.11 ಹಾಕಿ ನೋಡಿ, ಎರಡೂ 79.06 Ω, ಎರಡರ ಮೇಲೂ ಸುಮಾರು 791 ವೋಲ್ಟ್.

ಆದ್ದರಿಂದ ಚೀಟಿಯ ಕೆಳಗಿನ ಅರ್ಧದಲ್ಲಿ ಕ್ಯಾಲ್ಕುಲೇಟರ್ ತೋರಿಸಿದ ಬೆಲೆಯನ್ನು ಉತ್ತರದಲ್ಲಿ ಬೇಕಾದುದಕ್ಕಿಂತ ಎರಡು ಅಂಕಿ ಹೆಚ್ಚಾಗಿ ಬರೆದಿಡಿ. ದುಂಡಗೆ ಮಾಡುವುದು ಉತ್ತರದ ಸಾಲಿನಲ್ಲಿ ಮಾತ್ರ. ಆ ಸಾಲಿನಿಂದ ಬೆಲೆ ಎತ್ತಿಕೊಂಡು ಮುಂದಿನ ಭಾಗಕ್ಕೆ ಹೋಗಬಾರದು.

ಎರಡನೆಯ ಹೊಂಡ ಬಿ ಭಾಗದಲ್ಲಿದೆ. ಅನುರಣನದಲ್ಲಿ ಇಂಪೀಡೆನ್ಸ್ ಅಂದರೆ R ಮಾತ್ರ, ಹಾಗಾಗಿ ಆರ್‌ಎಂಎಸ್ ಪ್ರವಾಹ 220/22 = 10 ಆಂಪಿಯರ್. ಕೇಳಿದ್ದು ಗರಿಷ್ಠ ಬೆಲೆ, √2ರಿಂದ ಗುಣಿಸಿದರೆ 14.14. ಇದನ್ನು ಬರೆದು, ಕೆಳಗೆ ಗೆರೆ ಎಳೆದು, ಪುಟ ತಿರುವುತ್ತಾರೆ. ಸಿ ಭಾಗದಲ್ಲಿ ‘ಬಿ ಉತ್ತರ’ ಎಂದು 14.14 ಹಾಕಿದರೆ ಇಂಡಕ್ಟರಿನ ಮೇಲೆ 1118 ವೋಲ್ಟ್ ಬರುತ್ತದೆ. ಸಿ ಕೇಳಿದ್ದು ಆರ್‌ಎಂಎಸ್. ಅದಕ್ಕೆ ಬೇಕಾದದ್ದು ಗೆರೆ ಎಳೆದ ಉತ್ತರವಲ್ಲ, ಅದಕ್ಕಿಂತ ಮೊದಲಿನ 10. ಚೀಟಿಯಲ್ಲಿ ಎರಡನ್ನೂ ಹೆಸರು ಹಾಕಿ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಬರಿಯ ‘I’ ಎಂಬ ಸಾಲು ಚೀಟಿಯಲ್ಲಿ ಇರಕೂಡದು.

220 ವೋಲ್ಟ್ ಕೊಟ್ಟಲ್ಲಿ 791 ಬಂತೆಂದು ಗಾಬರಿಯಾಗಿ ಸರಿಯಾದ ಉತ್ತರವನ್ನೇ ಹೊಡೆದು ಹಾಕುವವರಿದ್ದಾರೆ. ಇಂಡಕ್ಟರ್ ಮತ್ತು ಕೆಪಾಸಿಟರಿನ ವೋಲ್ಟೇಜ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿವೆ, ಎಷ್ಟೇ ದೊಡ್ಡದಾದರೂ ಮೊತ್ತ ಸೊನ್ನೆ. ತಾಳೆ ನೋಡಬೇಕಾದದ್ದು ರೆಸಿಸ್ಟರಿನ ಮೇಲೆ: 10 × 22 = 220, ಮೂಲದ ವೋಲ್ಟೇಜೇ ಬರಬೇಕು. 14.14 ಹಾಕಿದವರಿಗೆ ಇಲ್ಲಿ 311 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಡಿ ಭಾಗದಲ್ಲಿ R ಬದಲಾಯಿತು. ಚೀಟಿಯ 22ನ್ನು ಅಳಿಸಬೇಡಿ. ಪಕ್ಕದಲ್ಲಿ ‘ಡಿಗೆ ಮಾತ್ರ 44’ ಎಂದು ಬರೆಯಿರಿ. ಆಮೇಲೆ ಕೆಳಗಿನ ಅರ್ಧದ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಕಂಡುಹಿಡಿಯುವಾಗ R ಬಳಸಿದ್ದೆನೇ? ω ಬಂದದ್ದು L ಮತ್ತು C ಇಂದ, ಆದ್ದರಿಂದ 158.11 ಹಾಗೆಯೇ ಉಳಿಯುತ್ತದೆ, 79.06 ಕೂಡ. ಪ್ರವಾಹಕ್ಕೆ R ಬೇಕಿತ್ತು, ಅದು 5 ಆಂಪಿಯರಿಗೆ ಇಳಿಯುತ್ತದೆ. ಇಂಡಕ್ಟರಿನ ಮೇಲೆ ಸುಮಾರು 395 ವೋಲ್ಟ್. ಡಿ ಭಾಗಕ್ಕೆ ಇಷ್ಟೇ ಕೆಲಸ, ಮತ್ತೆ ಎ ಇಂದ ಶುರು ಮಾಡುವುದು ದಂಡ.

ಅಷ್ಟಾದರೂ ಉತ್ತರ ಹೊಂದದಿದ್ದರೆ ಎರಡು ಪುಟದ ಫೋಟೊಗಳ ಜೊತೆ ಚೀಟಿಯ ಫೋಟೊವನ್ನೂ ಕಳುಹಿಸಿ. ನಾನು ಮೊದಲು ತೆರೆದು ನೋಡುವುದು ಅದನ್ನೇ.