ಎಣ್ಣೆಯಿಂದ ಬೋರ್ಡಿಗೆ: ಗಡಿಯಲ್ಲಿ ಕ್ಷೇತ್ರವನ್ನು ಲೆಕ್ಕ ಹಾಕುವುದು ಹೇಗೆ?

ದೊಡ್ಡ ಟ್ರಾನ್ಸ್‌ಫಾರ್ಮರಿನೊಳಗೆ ತಾಮ್ರದ ಸುರುಳಿಗಳ ನಡುವೆ ಎಣ್ಣೆಯೂ ಇರುತ್ತದೆ, ಒತ್ತಿ ಮಾಡಿದ ದಪ್ಪ ಕಾಗದವಾದ ಪ್ರೆಸ್‌ಬೋರ್ಡೂ ಇರುತ್ತದೆ. ಎಣ್ಣೆಯ ಸಾಪೇಕ್ಷ ಪರ್ಮಿಟಿವಿಟಿ (εr) ಸುಮಾರು 2.2, ಎಣ್ಣೆ ಹೀರಿದ ಬೋರ್ಡಿನದು ಸುಮಾರು 4.4. ಇವೆರಡೂ ತಾಗುವ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಥಟ್ಟನೆ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಎಂದು ತಿಳಿಯಲು ಎರಡೇ ನಿಯಮ ಸಾಕು.

ಮೊದಲು ಗಡಿಯ ಮೇಲೆ ಒಂದು ಲಂಬ ರೇಖೆ ಎಳೆದುಕೊಳ್ಳಿ. ಕ್ಷೇತ್ರವನ್ನು ಈ ರೇಖೆಯ ಗುಂಟ ಇರುವ ಲಂಬ ಘಟಕ En ಮತ್ತು ಗಡಿಯ ಮೇಲ್ಮೈಗೆ ಸಮಾಂತರವಾದ ಸ್ಪರ್ಶಕ ಘಟಕ Et ಎಂದು ಒಡೆಯಿರಿ. ಕೋನವನ್ನು ಯಾವಾಗಲೂ ಲಂಬ ರೇಖೆಯಿಂದಲೇ ಅಳೆಯಿರಿ. ಮೇಲ್ಮೈಯಿಂದ ಅಳೆದರೆ ಸೈನ್ ಇರಬೇಕಾದಲ್ಲಿ ಕೊಸೈನ್ ಬಂದು ಕೂರುತ್ತದೆ, ಉತ್ತರ ಪೂರ್ತಿ ತಲೆಕೆಳಗು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಬಹುಶಃ ಇದೇ.

ಮೊದಲ ನಿಯಮ: ಸ್ಪರ್ಶಕ E ಎರಡೂ ಕಡೆ ಒಂದೇ. ಗಡಿಯನ್ನು ದಾಟಿ ಒಂದು ಪುಟ್ಟ ಆಯತವನ್ನು ಊಹಿಸಿ: ಒಂದು ಉದ್ದನೆಯ ಬದಿ ಎಣ್ಣೆಯಲ್ಲಿ, ಇನ್ನೊಂದು ಬೋರ್ಡಿನಲ್ಲಿ. ಆಯತದ ಎತ್ತರವನ್ನು ಸೊನ್ನೆಯತ್ತ ಇಳಿಸುತ್ತ ಹೋದರೆ ಅದರೊಳಗಿನ ಕಾಂತ ಫ್ಲಕ್ಸ್ ಕೂಡ ಸೊನ್ನೆಯಾಗುತ್ತದೆ. ಆಗ ಫ್ಯಾರಡೆ ನಿಯಮದಂತೆ ಆಯತವನ್ನು ಒಂದು ಸುತ್ತು ಬಂದರೆ ಒಟ್ಟು ವೋಲ್ಟೇಜ್ ಸೊನ್ನೆ. ಮೇಲಿನ ಬದಿ, ಕೆಳಗಿನ ಬದಿ ಒಂದನ್ನೊಂದು ಕಳೆಯಲೇಬೇಕು, ಅಂದರೆ Et ಸಮ.

ಎರಡನೆಯ ನಿಯಮ: ಗಡಿಯಲ್ಲಿ ಬಿಡಿ ಆವೇಶ ಇಲ್ಲದಿದ್ದರೆ D = εE ಎಂಬುದರ ಲಂಬ ಘಟಕ ಸಮ. ಇಲ್ಲಿ ಆಯತದ ಬದಲು ಚಪ್ಪಟೆ ಡಬ್ಬಿ, ಫ್ಯಾರಡೆ ನಿಯಮದ ಬದಲು ಗಾಸ್ ನಿಯಮ. ಸಮವಾಗಿ ಉಳಿಯುವುದು En ಅಲ್ಲ, ε ಮತ್ತು En ಇವುಗಳ ಗುಣಲಬ್ಧ. ಹಾಗಾಗಿ ε ಕಡಿಮೆ ಇರುವ ಕಡೆ En ಹೆಚ್ಚುತ್ತದೆ.

ಈಗ ಲೆಕ್ಕ. ಬೋರ್ಡಿನೊಳಗೆ ಗಡಿಯ ಪಕ್ಕದಲ್ಲಿ Et = 3, En = 2 ಕಿಲೋವೋಲ್ಟ್/ಮಿ.ಮೀ. ಎಂದುಕೊಳ್ಳಿ. ಎಣ್ಣೆಯಲ್ಲಿ:

```
Et = 3
En = 2 × 4.4 / 2.2 = 4
ಬೋರ್ಡ್: E = √(9 + 4)  ≈ 3.6,  tan θ = 3/2
ಎಣ್ಣೆ:   E = √(9 + 16) = 5,   tan θ = 3/4
```

ಕೋನ ಬೋರ್ಡಿನಲ್ಲಿ ಸುಮಾರು 56.3°, ಎಣ್ಣೆಯಲ್ಲಿ 36.9°. ತಾಳೆ ನೋಡಲು ಎರಡು ಟ್ಯಾನ್‌ಗಳನ್ನು ಭಾಗಿಸಿ: 1.5 / 0.75 = 2. ಅದು 4.4 / 2.2 ಕ್ಕೆ ಸಮ ಬರಲೇಬೇಕು, ಬರದಿದ್ದರೆ ಎಲ್ಲೋ ε ಅದಲುಬದಲಾಗಿದೆ. ವಿದ್ಯುತ್ ತಡೆಯುವ ಶಕ್ತಿ ಕಡಿಮೆ ಇರುವ ಎಣ್ಣೆಯ ಮೇಲೆಯೇ ಹೆಚ್ಚು ಒತ್ತಡ ಬೀಳುತ್ತಿದೆ ಎಂಬುದನ್ನು ಗಮನಿಸಿ.

ಬೋರ್ಡಿನ ಪದರಗಳ ನಡುವೆ ಎಣ್ಣೆ ಹೋಗದೆ, ಮೇಲ್ಮೈಗೆ ಸಮಾಂತರವಾಗಿ ಅಗಲವಾದ, ತೆಳು ಗಾಳಿಸಂದು ಉಳಿದುಬಿಟ್ಟರೆ ಕಷ್ಟ ಇನ್ನೂ ದೊಡ್ಡದು. ಗಾಳಿಯ εr ಸುಮಾರು 1, ಹಾಗಾಗಿ ಸಂದಿನಲ್ಲಿ En = 2 × 4.4 = 8.8. ಒಂದು ಮಿ.ಮೀ. ಗಾಳಿಸಂದು ಸುಮಾರು 4.5 ಕಿಲೋವೋಲ್ಟಿಗೇ (ಶೃಂಗ ಮೌಲ್ಯ) ಕಿಡಿ ಹಾರಿಸುತ್ತದೆ. ಬೋರ್ಡು ಗಟ್ಟಿಯಾಗಿದ್ದರೂ ಒಳಗೆ ಆಂಶಿಕ ಡಿಸ್ಚಾರ್ಜ್ ಶುರುವಾಗಿ ಕಾಗದವನ್ನು ಮೆಲ್ಲಮೆಲ್ಲನೆ ಸುಡುತ್ತದೆ. ಎಣ್ಣೆ ತುಂಬುವ ಮುನ್ನ ನಿರ್ವಾತದಲ್ಲಿ ಒಣಗಿಸುವುದಕ್ಕೆ ಒಂದು ಕಾರಣ ಇದು. ಗುಳ್ಳೆ ಚಪ್ಪಟೆಯಾಗಿರದೆ ಗೋಳವಾಗಿದ್ದರೆ 4.4 ಪಟ್ಟು ಎನ್ನುವಂತಿಲ್ಲ. ಆಗ ಸೂತ್ರ 3εr/(2εr+1), ಏರಿಕೆ ಸುಮಾರು 1.35 ಪಟ್ಟು ಮಾತ್ರ.

ಕಾಂತಕ್ಷೇತ್ರದ ಮಾತು ಚಿಕ್ಕದು. ಲಂಬ B ಸಮ, ಗಡಿಯ ಮೇಲೆ ಪ್ರವಾಹ ಹರಿಯದಿದ್ದರೆ ಸ್ಪರ್ಶಕ H ಸಮ. ಎಣ್ಣೆ, ಬೋರ್ಡು ಎರಡರ μr ಬಹುತೇಕ 1 ಆದ್ದರಿಂದ ಕಾಂತರೇಖೆ ಬಾಗುವುದೇ ಇಲ್ಲ.

ಮೇಲಿನ ಲೆಕ್ಕ 50 ಹರ್ಟ್ಸ್ ಎಸಿಗೆ ಸರಿ. ಎಚ್‌ವಿಡಿಸಿ ಟ್ರಾನ್ಸ್‌ಫಾರ್ಮರಿನಂತೆ ಡಿಸಿ ಒತ್ತಡ ಬಹಳ ಹೊತ್ತು ನಿಂತರೆ ಗಡಿಯಲ್ಲಿ ಬಿಡಿ ಆವೇಶ ಜಮಾಯಿಸುತ್ತದೆ, ಎರಡನೆಯ ನಿಯಮದಲ್ಲಿ ಅದನ್ನೂ ಸೇರಿಸಬೇಕು. ಕೊನೆಗೆ ಸಮವಾಗುವುದು ವಾಹಕತೆ σ ಮತ್ತು En ಇವುಗಳ ಗುಣಲಬ್ಧ. ಎಣ್ಣೆಗಿಂತ ಬೋರ್ಡು ಬಹಳ ಕಡಿಮೆ ವಾಹಕವಾದ್ದರಿಂದ ಒತ್ತಡವೆಲ್ಲ ಬೋರ್ಡಿನ ಮೇಲೆ ಸರಿಯುತ್ತದೆ. ಈ ಸರಿಯುವಿಕೆಗೆ ಬೇಕಾದ ಕಾಲವನ್ನು ε/σ ಸೂಚಿಸುತ್ತದೆ. ಎಣ್ಣೆಯ ವಾಹಕತೆ 10⁻¹² ಸೀಮನ್ಸ್/ಮೀ. ಎಂದು ಹಿಡಿದರೆ ಅದು ಸುಮಾರು 20 ಸೆಕೆಂಡು. ಎಸಿಯ ಒಂದು ಆವರ್ತಕ್ಕೆ ಬೇಕಾಗುವುದು 20 ಮಿಲಿಸೆಕೆಂಡು ಮಾತ್ರ, ಆವೇಶ ಜಮಾಯಿಸುವಷ್ಟು ಹೊತ್ತೇ ಸಿಗದು.