ಜಾಯ್ನಿಂಗ್ ಡೇಟ್ ಮುಂದೂಡಬೇಕಿದ್ರೆ ಹೀಗೆ ಕೇಳಿ

ಶಿರಸಿಯಲ್ಲಿ ತಂಗಿ ಮದುವೆ ಮೇ 17ಕ್ಕೆ, ಬೆಂಗಳೂರಿನ ಹೊಸ ಕಂಪನಿ ಜಾಯ್ನಿಂಗ್ ಮೇ 4ಕ್ಕೆ. ಹೋದ ವರ್ಷ ನನ್ನ ಪರಿಸ್ಥಿತಿ ಇದು. ಜಾಯ್ನ್ ಆಗಿ ಎರಡನೇ ವಾರಕ್ಕೇ ರಜೆ ಕೇಳೋದಕ್ಕಿಂತ ಮೊದಲೇ ಕೇಳೋದು ವಾಸಿ ಅನ್ನಿಸ್ತು.

ಆಫರ್ ಒಪ್ಪಿಕೊಳ್ಳುವ ಮೊದಲೇ ಎಚ್‌ಆರ್‌ಗೆ ಫೋನ್ ಮಾಡಿದೆ. "ಸ್ವಲ್ಪ ಟೈಮ್ ಕೊಡಿ" ಅನ್ನಲಿಲ್ಲ. "ತಂಗಿ ಮದುವೆ 17ಕ್ಕೆ, ಮನೆ ಕೆಲಸವೆಲ್ಲ ನನ್ನ ತಲೆ ಮೇಲೇ ಇದೆ. 25ಕ್ಕೆ ಖಂಡಿತ ಬರ್ತೇನೆ" ಅಂದೆ. ಚಪ್ಪರ, ಅಡಿಗೆಭಟ್ಟರ ಕಥೆ ಅವರಿಗೆ ಬೇಡ. ಒಂದೇ ತಾರೀಖು ಹೇಳಿ, ಆಮೇಲೆ ಅದನ್ನು ಬದಲಿಸಬೇಡಿ.

ಅವರು ಫೋನಲ್ಲೇ "ಆಯ್ತು" ಅಂದ್ರು. ಎಡವೋದು ಇಲ್ಲೇ. ಹೇಳಿದ ದಿನ ಬರದಿದ್ರೆ ಆಫರ್ ರದ್ದು ಅಂತ ಎಷ್ಟೋ ಆಫರ್ ಲೆಟರ್‌ನಲ್ಲಿ ಬರೆದಿರ್ತದೆ, ನಂದರಲ್ಲೂ ಇತ್ತು. ಅದಕ್ಕೆ ಅವತ್ತೇ ಮೇಲ್ ಹಾಕಿ, ಹೊಸ ತಾರೀಖಿನ ಲೆಟರ್ ತರಿಸಿಕೊಂಡೆ. ರಾಜೀನಾಮೆ ಕೊಟ್ಟಿದ್ದು ಅದು ಕೈಗೆ ಬಂದ ಮೇಲೇ.

ಹಳೇ ಕಡೆ ಕೊನೇ ದಿನವನ್ನೂ ಆದಷ್ಟು ಮುಂದಕ್ಕೆ ಹಾಕಿಸಿ. ನಡುವಿನ ದಿನಗಳಿಗೆ ಸಂಬಳ ಇಲ್ಲ, ಕಂಪನಿಯ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೊನೇ ದಿನಕ್ಕೇ ನಿಲ್ತದೆ. ಅಪ್ಪ ಅಮ್ಮ ಅದರಲ್ಲಿದ್ರೆ ಮೊದಲೇ ನೋಡಿಕೊಳ್ಳಿ.